ಮೇಜಿನ ಮೇಲೆ ಸೊನ್ನೆ, ಹೊಲದಲ್ಲಿ ಐದುನೂರು

ಎರಡು ಬೋರು ಬೆನ್ನುಬೆನ್ನಿಗೆ ಫೇಲ್ ಆದ ಮೇಲೆ ತಾವರಗೇರಾದ ಯಮನೂರಸಾಬ ಚಹಾದಂಗಡಿಗೆ ಹೋಗುವುದನ್ನು ಬಿಟ್ಟ. ಯಾರೂ ಅವನನ್ನು ಬೈದಿರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಆ ವಿದ್ಯೆಯಲ್ಲಿ ಅವನೇನು ಕಡಿಮೆಯವನಲ್ಲ. ಜನ ಅವನನ್ನು ಕಂಡು ಬೆಂಚಿನ ಮೇಲೆ ಜಾಗ ಬಿಟ್ಟು ಸರಿದು ಕೂತರು, ಅಷ್ಟೇ. ಆ ಮರ್ಯಾದೆ ಅವನಿಗೆ ತಡೆಯಲಾಗಲಿಲ್ಲ.

ಬೋರ್‌ವೆಲ್ ಎಲ್ಲಿ ಕೊರೆಯಬೇಕೆಂದು ಪಾಯಿಂಟು ತೋರಿಸುವುದು ಅವನ ಕಸುಬು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋರಿಸುವವರೂ ಇದ್ದಾರೆ, ಅವರ ಪಾಡು ಅವರಿಗೆ. ಇವನದು ಮಷಿನ್. ಹರೆಯದಲ್ಲಿ ಒಬ್ಬ ಭೂವಿಜ್ಞಾನಿಯ ಹಿಂದೆ ವೈರಿನ ಸುರುಳಿ ಹೊತ್ತು ಕುಷ್ಟಗಿ, ಯಲಬುರ್ಗಾ ತಾಲೂಕಿನ ಹೊಲವೆಲ್ಲ ತಿರುಗಿದ. ಸಾಹೇಬರು ನಿವೃತ್ತರಾದರು, ಇವನು ತನ್ನದೇ ಒಂದು ಡಬ್ಬಿ ಕಟ್ಟಿಕೊಂಡ. ಅದಕ್ಕೂ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದನಾದ್ದರಿಂದ ಕಾಯಿಲ್ ಸುತ್ತುವುದು, ಬೆಸುಗೆ ಹಾಕುವುದು ಅವನಿಗೆ ಹೊಸದಲ್ಲ.

ಕೆಲಸ ಸುಲಭವಾಗಿ ಹೇಳಬಹುದು. ನೆಲಕ್ಕೆ ನಾಲ್ಕು ಸಲಾಕೆಗಳನ್ನು ಒಂದೇ ಸಾಲಿನಲ್ಲಿ ಬಡಿಯಬೇಕು. ಹೊರಗಿನ ಎರಡಕ್ಕೆ ಬ್ಯಾಟರಿಯ ಕರೆಂಟು ಬಿಟ್ಟರೆ ಒಳಗಿನ ಎರಡರ ನಡುವೆ ಒಂದಿಷ್ಟು ವೋಲ್ಟೇಜ್ ಕಾಣಿಸುತ್ತದೆ. ಅಂಕಿ ದೊಡ್ಡದಿದ್ದರೆ ಕೆಳಗೆ ಗಟ್ಟಿ ಕಲ್ಲು. ಸಣ್ಣದಿದ್ದರೆ ಕಲ್ಲು ಬಿರುಕು ಬಿಟ್ಟಿದೆ, ಬಿರುಕಿನಲ್ಲಿ ನೀರಿರಬಹುದು. ಆ ವೋಲ್ಟೇಜ್ ಎಷ್ಟು ಬಡವೆಂದರೆ, ಎಂಟು ಹತ್ತು ಮಿಲಿವೋಲ್ಟ್. ಅದನ್ನು ನೂರು ಪಟ್ಟು ಹಿಗ್ಗಿಸಿ ತೋರಿಸಲು ಡಬ್ಬಿಯೊಳಗೆ ಆಪ್-ಆಂಪ್ ಎನ್ನುವ ಎಂಟು ಕಾಲಿನ ಚಿಪ್ ಒಂದಿತ್ತು. ಅದು ಈಚೆಗೆ ಸುಟ್ಟುಹೋಯಿತು. ಮಗಳು ನಾಹೀದಾ ಹೊಸದು ಹಾಕಿಕೊಟ್ಟಳು.

ನಾಹೀದಾ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು. ಬಸ್‌ಸ್ಟ್ಯಾಂಡಿನ ಹತ್ತಿರ ಅವಳ ಅಂಗಡಿ, ಇನ್ವರ್ಟರು, ಮಿಕ್ಸಿ, ಮೈಕ್‌ಸೆಟ್ಟಿನ ಆಂಪ್ಲಿಫೈಯರ್ ಎಲ್ಲ ಅಲ್ಲಿಗೇ ಬರುತ್ತವೆ. ಮಗಳು ಕೈ ಇಟ್ಟ ಡಬ್ಬಿಯ ಮೇಲೆ ಅನುಮಾನ ಪಡುವುದು ಯಮನೂರಸಾಬನಿಗೆ ಹೊಳೆಯಲೇ ಇಲ್ಲ. ತನ್ನ ಮೇಲೆ ಅನುಮಾನ ಪಡುವುದು ಸಲೀಸಾಗಿತ್ತು. ಕಣ್ಣು ಮಂಜಾಗಿದೆ, ಲೆಕ್ಕ ತಪ್ಪುತ್ತಿದೆ, ಇನ್ನೇನು ಬೇಕು?

"ನನ್ನ ಕೈ ಬಿದ್ದು ಹೋತು," ಅಂದ ಅವನು ಹೆಂಡತಿ ತಾಜಬೀಗೆ, ಜೋಳದ ರೊಟ್ಟಿ ಮುರಿಯುತ್ತ. "ನಾಳಿ ಮಂಗಳೂರಿಗೆ ಹೋಗಿ ಹಂಪಣ್ಣಗ ಹೇಳಿ ಬರ್ತೀನಿ, ನಾ ತೋರಿಸಿದ ಜಾಗಾದಾಗ ಬೋರು ಹೊಡಸಬ್ಯಾಡ ಅಂತ. ಆಮ್ಯಾಲ ಈ ಡಬ್ಬಿ ಯಾರಿಗರ ಕೊಟ್ಟು ಬಿಡ್ತೀನಿ."

ಯಲಬುರ್ಗಾದ ಕಡೆಯ ಮಂಗಳೂರಿನ ಹಂಪಣ್ಣ ಕೋಳಿ ಶೆಡ್ ಕಟ್ಟುತ್ತಿದ್ದ. ಅಲ್ಲಿ ಪಾಯಿಂಟು ತೋರಿಸಿ ಬಂದು ವಾರವಾಗಿತ್ತು, ಮರುದಿನ ಮಧ್ಯಾಹ್ನ ಬೋರಿನ ಲಾರಿ ಬರುವುದಿತ್ತು. ತಾಜಬೀ ಅವನಿಗೆ ಇನ್ನೊಂದು ರೊಟ್ಟಿ ಹಾಕಿದಳು. ನಾಹೀದಾ ಮಾತ್ರ ಊಟ ಬಿಟ್ಟು ಅಪ್ಪನ ಮುಖ ನೋಡಿದಳು. ಡಬ್ಬಿ ಹಿಡಿಯದ ಅಪ್ಪನನ್ನು ಅವಳು ಕಂಡೇ ಇರಲಿಲ್ಲ.

"ಅಬ್ಬಾ, ಚಿಪ್ ಬದಲಿ ಮಾಡಿದ ಮ್ಯಾಲ ಎಲ್ಲೆಲ್ಲಿ ನೋಡೀದಿ?"

"ಗಂಗಾವತ್ಯಾಗ ಮನಿ ಬೋರು ನೋಡಿದೆ. ಛಲೋ ನೀರು ಬಿತ್ತು. ಕುಷ್ಟಗಿ ಮುದಿಯಪ್ಪನ ಹೊಲ, ಬರೀ ಧೂಳು. ಇಟಗಿ ಕಡೆ ಒಂದು, ಅದೂ ಧೂಳು."

"ಗಂಗಾವತ್ಯಾಗ ಸರಿ, ಇಲ್ಲಿ ತಪ್ಪು. ನಿನ್ನ ಕೈ ಬಿದ್ದು ಹೋಗೂದಾದ್ರ ಊರು ನೋಡಿ ಬೀಳತೈತೇನು?"

ಬೆಳಿಗ್ಗೆ ಡಬ್ಬಿ, ವೈರು, ಸಲಾಕೆಗಳ ಜೊತೆ ಮಗಳೂ ಬೈಕಿನ ಹಿಂದೆ ಕೂತಳು.

ಹಂಪಣ್ಣನ ಜಾಗ ಬರೀ ಗರಸು ನೆಲ. ಸಲಾಕೆ ಬಡಿದರೆ ಕಿಡಿ ಹಾರುವುದೊಂದು ಬಾಕಿ. ಯಮನೂರಸಾಬ ಹೋದ ವಾರ ಬಡಿದಲ್ಲೇ ಮತ್ತೆ ನಾಲ್ಕೂ ಬಡಿದು ಬಟನ್ ಒತ್ತಿದ. ಮುನ್ನೂರು. ಹೋದ ವಾರವೂ ಅಷ್ಟೇ ಬಂದಿತ್ತು, ಅದಕ್ಕೇ ನೀರಿದೆ ಎಂದಿದ್ದ.

"ಹೊರಗಿನ ವೈರು ಬಿಚ್ಚಿ ಒತ್ತು," ಅಂದಳು ನಾಹೀದಾ.

"ಕರೆಂಟ ಹೋಗಂಗಿಲ್ಲಲ್ಲ, ಏನು ಬರತೈತಿ? ಸೊನ್ನಿ."

"ಒತ್ತಿ ನೋಡಬಾ."

ಈ ಡಬ್ಬಿಯಲ್ಲಿ ಕರೆಂಟು ಬಿಡಲಿಕ್ಕೂ ಅಂಕಿ ತೋರಿಸಲಿಕ್ಕೂ ಒಂದೇ ಬಟನ್. ಬ್ಯಾಟರಿ ಉಳಿಯಲಿ ಎಂದು ಅವನೇ ಮಾಡಿಕೊಂಡ ಏರ್ಪಾಟು. ಹಾಗಾಗಿ ಕರೆಂಟಿಲ್ಲದೆ ಅಂಕಿ ಏನಿರುತ್ತದೆಂದು ಅವನು ನೋಡಿದ್ದೇ ಇಲ್ಲ. ಈಗ ವೈರು ಬಿಚ್ಚಿ ಒತ್ತಿದ. ಡಬ್ಬಿ ಮೈನಸ್ ಐದುನೂರು ತೋರಿಸಿತು.

ಇಬ್ಬರೂ ಅದನ್ನೇ ನೋಡಿದರು. ನಾಹೀದಾ ಒಳಗಿನ ಸಲಾಕೆಗಳ ವೈರನ್ನೂ ಕಿತ್ತು ಎರಡರ ತುದಿ ಸೇರಿಸಿ ಹಿಡಿದಳು. ಸೊನ್ನೆ. ಮತ್ತೆ ಸಲಾಕೆಗೆ ಸಿಕ್ಕಿಸಿದಳು. ಮೈನಸ್ ಐದುನೂರು.

"ಅಂಗಡ್ಯಾಗ ಹಿಂಗ ತುದಿ ಕೂಡಿಸೇ ಸೊನ್ನಿ ಮಾಡಿದ್ದೆ," ಅಂದಳು. ದನಿ ಸಣ್ಣದಾಗಿತ್ತು.

ಯಮನೂರಸಾಬನಿಗೆ ಆಗ ಸಾಹೇಬರ ಕಾಲದ ಒಂದು ಪದ್ಧತಿ ನೆನಪಾಯಿತು. ಕರೆಂಟನ್ನು ಒಮ್ಮೆ ಹೀಗೆ, ಒಮ್ಮೆ ಉಲ್ಟಾ ಬಿಟ್ಟು ಎರಡು ಸಲ ಅಳೆಯಬೇಕು. ನೆಲಕ್ಕೆ ತನ್ನದೇ ಚೂರು ವೋಲ್ಟೇಜ್ ಇರುತ್ತದೆ, ಅದು ಕಳೆದುಹೋಗಲಿ ಎಂದು. ಎರಡೂ ಸಲ ಹೆಚ್ಚು ಕಡಿಮೆ ಒಂದೇ ಬರುತ್ತಿತ್ತಾದ್ದರಿಂದ ಯಮನೂರಸಾಬ ಉಲ್ಟಾ ಅಳತೆಯನ್ನು ಎಂದೋ ಕೈಬಿಟ್ಟಿದ್ದ. ಈಗ ಹೊರಗಿನ ವೈರುಗಳನ್ನು ಅದಲುಬದಲು ಮಾಡಿ ಒತ್ತಿದ. ಮೈನಸ್ ಒಂದು ಸಾವಿರದ ಮುನ್ನೂರು.

"ಇಲ್ಲಿ ನೋಡು," ಅಂದ. ಅವನ ದನಿಯಲ್ಲಿ ಎಷ್ಟೋ ದಿನದಿಂದ ಇಲ್ಲದ ಖಾರ ಬಂದಿತ್ತು. "ನೆಲದ್ದು ಖರೇ ಅಂಕಿ ಆಗಿದ್ರ ಉಲ್ಟಾ ಮಾಡಿದಾಗ ಅದೂ ಉಲ್ಟಾ ಆಗಬೇಕು. ಈ ಐದುನೂರು ಉಲ್ಟಾ ಆಗವಲ್ದು. ಆ ಕಡೆನೂ ಮೈನಸ್, ಈ ಕಡೆನೂ ಮೈನಸ್. ಎರಡರ ನಡುವಿನ ಅಂತರ ಸಾವಿರದ ಆರುನೂರು, ಅದರಾಗ ಅರ್ಧ ಎಂಟುನೂರು. ಖರೇ ಅಂಕಿ ಎಂಟುನೂರು!"

ಎಂಟುನೂರೆಂದರೆ ಕಲ್ಲು. ಆ ಐದುನೂರು ಎಲ್ಲಿಂದ ಬಂತು? ನಾಹೀದಾ ಗರಸಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಒಳಗಿನ ಸಲಾಕೆಯ ಬುಡವನ್ನು ಉಗುರಿನಿಂದ ಕೆರೆದಳು. ಹಿಟ್ಟಿನ ಹಾಗೆ ಒಣಗಿತ್ತು.

"ಅಣ್ಣಾರ, ಒಂದು ಕೊಡ ನೀರು ಕೊಡ್ರಿ," ಅಂದಳು ಹಂಪಣ್ಣನಿಗೆ.

ಹಂಪಣ್ಣ ಒಳ್ಳೆಯವನೇ. ಆದರೆ ಎಷ್ಟಂತ ಸುಮ್ಮನಿರುತ್ತಾನೆ? "ನೀರು ಹುಡುಕಾಕ ಬಂದು ನೀರು ಕೇಳ್ತೀರಲ್ಲವಾ," ಅಂದ. "ಟ್ಯಾಂಕರ್ ನೀರದು." ಅಂದರೂ ತಂದುಕೊಟ್ಟ.

ಒಳಗಿನ ಎರಡು ಸಲಾಕೆಗಳ ಬುಡಕ್ಕೆ ಮಾತ್ರ ನೀರು ಸುರಿದು, ಕರೆಂಟಿಲ್ಲದೆ ಮತ್ತೆ ಒತ್ತಿದರು. ಮೈನಸ್ ಐದುನೂರು ಹೋಗಿ ಮೈನಸ್ ನೂರಕ್ಕೆ ಬಂದು ನಿಂತಿತ್ತು. ಹೊರಗಿನ ವೈರು ಸಿಕ್ಕಿಸಿ ಒತ್ತಿದರೆ ಏಳುನೂರು.

ನಾಹೀದಾ ಎದ್ದು ನಿಂತು ಕೈ ಝಾಡಿಸಿದಳು. "ತಪ್ಪು ನಂದು ಅಬ್ಬಾ. ಚಿಪ್ಪಿನ್ಯಾಗ ಎರಡು ಐಬು ಇರ್ತಾವು. ಒಂದು ಆಫ್‌ಸೆಟ್. ಒಳಗ ಬರೂ ಎರಡು ಕಾಲು ಪೂರಾ ಸಮ ಇರಂಗಿಲ್ಲ, ಒಂದೆರಡು ಮಿಲಿವೋಲ್ಟ್ ಫರಕ ಹುಟ್ಟಿಂದನ ಇರತೈತಿ. ನೂರು ಪಟ್ಟು ಆದ್ರ ಹೊರಗ ಇನ್ನೂರು. ಅದನ್ನ ನಾ ಸ್ಕ್ರೂ ತಿರುವಿ ಸೊನ್ನಿ ಮಾಡಿದ್ದೆ. ಇನ್ನೊಂದು ಬಯಾಸ್ ಕರೆಂಟ್. ಚಿಪ್ ತನ್ನ ಕೆಲಸಾ ಮಾಡಾಕ ಒಳಗಿನ ಕಾಲಿಂದ ಚೂರು ಕರೆಂಟ್ ಎಳಕೋತೈತಿ. ಅದು ಈ ಸಲಾಕಿ ಹಾದು ಬರಬೇಕು. ಒಣಾ ನೆಲದಾಗ ಸಲಾಕಿಗೂ ಮಣ್ಣಿಗೂ ನೆಟ್ಟಗ ಹತ್ತಿಕೊಂಡಿರಂಗಿಲ್ಲ, ಅಡ್ಡಿ ಭಾಳ. ಆ ಚೂರು ಕರೆಂಟ್ ಆ ಅಡ್ಡಿ ದಾಟೂದರಾಗ ಐದು ಮಿಲಿವೋಲ್ಟ್ ಇಳೀತೈತಿ. ನೂರು ಪಟ್ಟು, ಐದುನೂರು."

"ವೈರ್ ತುದಿ ಕೂಡಿಸಿದ್ರ ಅಡ್ಡಿನ ಇಲ್ಲ," ಅಂದ ಯಮನೂರಸಾಬ.

"ಅದಕ್ಕ ಮೇಜಿನ ಮ್ಯಾಲ ಸೊನ್ನಿ. ಗಂಗಾವತಿ ಹಸಿ ಮಣ್ಣಾಗೂ ಹತ್ರಹತ್ರ ಸೊನ್ನಿ. ನಿನ್ನ ಹಳೇ ಚಿಪ್ ಬ್ಯಾರೇ ಜಾತೀದು, ಕರೆಂಟ್ ಎಳಕೋತಿರಲಿಲ್ಲ ಅಂದ್ರೂ ನಡೀತೈತಿ, ಅಷ್ಟು ಕಡಿಮಿ. ಅದು ಸಿಗಲಿಲ್ಲ. ಎಂಟು ಕಾಲು ಅಲ್ಲಲ್ಲೇ ಅದಾವಂತ ನಾ ಸಾದಾ 741 ಚಿಪ್ ಹಾಕಿಬಿಟ್ಟೆ."

ಯಮನೂರಸಾಬ ಶುರು ಮಾಡಿದ. ಚಿಪ್ಪಿನ ಕಾಲು ಹೊಂದಿದರೆ ಸಾಕೇನು, ಡಿಪ್ಲೊಮಾ ಕೊಟ್ಟವರು ಯಾರು, ಕೇಳಬೇಕಂತ ತಿಳಿಯಲಿಲ್ಲೇನು, ನಾನಿಲ್ಲಿ ತಲೆ ಕೆಟ್ಟಿತಂತ ಒಂದು ತಿಂಗಳಿಂದ ನಿದ್ದೆ ಬಿಟ್ಟಿದೀನಿ ಅಂತ, ಇಡೀ ಹೊಲಕ್ಕೆ ಕೇಳುವ ಹಾಗೆ ಬೈದ. ಹಂಪಣ್ಣ ಬಿಡಿಸಲು ಬಂದ. ನಾಹೀದಾ ಬೇಡ ಎಂದು ಕೈ ಮಾಡಿದಳು. ಅಪ್ಪ ಹೀಗೆ ಬೈಯುವುದನ್ನು ಕೇಳಿ ಎಷ್ಟು ದಿನವಾಗಿತ್ತು! ಅವಳಿಗೆ ಅಳು ಬಂತು, ಖುಷಿಯಿಂದ.

ಲಾರಿಯವರಿಗೆ ಹಂಪಣ್ಣ ಫೋನು ಮಾಡಿ ಬೇಡವೆಂದ. ಸರಿಯಾದ ಚಿಪ್ ತಂದು ಹಾಕಿ ಮತ್ತೆ ಬರುತ್ತೇವೆಂದು ಅಪ್ಪ ಮಗಳು ಹೊರಟರು. ಊರ ಕಡೆ ತಿರುಗಬೇಕಾದಲ್ಲಿ ಯಮನೂರಸಾಬ ಬೈಕನ್ನು ನೆಟ್ಟಗೆ ಕುಷ್ಟಗಿಗೆ ಬಿಟ್ಟ. ಮುದಿಯಪ್ಪನಿಗೆ ಹೇಳದೆ ಮನೆಗೆ ಹೋಗಿ ಊಟ ಮಾಡುವುದು ಅವನಿಂದ ಆಗುತ್ತಿರಲಿಲ್ಲ.

ಮುದಿಯಪ್ಪ ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ. ಬೋರು ಫೇಲಾದ ದಿನ ಒಂದು ಮಾತೂ ಆಡದೆ ಎದ್ದು ಹೋದವನು ಇವನೇ.

"ನಿನ್ನ ಹೊಲದಾಗ ತಪ್ಪಿದ್ದು ನಂದು," ಅಂದ ಯಮನೂರಸಾಬ, ಕೂರದೆ. "ಉಲ್ಟಾ ಮಾಡಿ ಒಂದು ಸಲ ನೋಡಿದ್ರ ಅವತ್ತ ಗೊತ್ತಾಗತಿತ್ತು. ನೋಡಲಿಲ್ಲ."

"ಅಲ್ರಿ ಕಾಕಾ, ಚಿಪ್ ಹಾಕಿದಾಕಿ ನಾನು," ಅಂದಳು ನಾಹೀದಾ.

"ನೀ ಸುಮ್ಮಕಿರು. ನಿನ್ನ ಅಂಗಡಿಗೆ ನಾಳಿ ಯಾರು ಬರ್ತಾರ?"

"ನಿನ್ನ ಕೈಲೆ ಪಾಯಿಂಟು ಯಾರು ಹಾಕಿಸ್ತಾರ?"

ಮುದಿಯಪ್ಪ ಎಲೆ ಮಡಚಿ ಬಾಯಿಗೆ ಹಾಕಿಕೊಂಡ. ಇಬ್ಬರೂ ಸುಮ್ಮನಾಗುವವರೆಗೆ ಜಗಿದ.

"ಮಷಿನ್ ರಿಪೇರಿ ಆದ ಮ್ಯಾಲ ಬಾ," ಅಂದ. "ಬಂದು ಹೊಲಾ ಇನ್ನೊಮ್ಮೆ ನೋಡು."

"ಮುದಿಯಪ್ಪಾ, ಖರೇ ಹೇಳ್ತೀನಿ, ನಿನ್ನ ಹೊಲದಾಗ ಎಲ್ಲಿ ನೋಡಿದ್ರೂ ನೀರು ಇಲ್ಲಂತ ಬಂದ್ರೂ ಬರಬಹುದು."

"ಇಲ್ಲ ಅನ್ನಾಕರ ನೀನ ಬೇಕಲ್ಲೋ ಮಾರಾಯ," ಅಂದ ಮುದಿಯಪ್ಪ. "ಬ್ಯಾರೇದವರು ಹೇಳಿದ್ರ ನಾ ಹ್ಯಾಂಗ ನಂಬಲಿ?"