ಇಪ್ಪತ್ತನಾಲ್ಕು ಮಧ್ಯಾಹ್ನ

“ನಾನು ರಜೆ ಕೇಳಲೇ ಇಲ್ಲ ಅಜ್ಜಿ. ರಜೆ ಅಂದ್ರೆ ಮುಗಿಯೋ ಸಾಮಾನು. ಆಸ್ಪತ್ರೆಯಲ್ಲೇ ಒಂದಿಷ್ಟು ಖರ್ಚಾಯ್ತು, ಇನ್ನು ಹನ್ನೆರಡು ದಿನ ಉಳಿದಿದೆ. ಅದೂ ಮುಗಿದ್ರೆ ನನ್ನ ಕುರ್ಚಿಗೆ ಇನ್ನೊಬ್ರನ್ನ ಕೂರಿಸ್ತಾರೆ. ಅದಕ್ಕೇ ಆಫೀಸಿನ ಮೇಡಂಗೆ ಹೇಳ್ದೆ, ಲಾರಿ ಓಡೋದು ರಸ್ತೆ ಮೇಲೆ, ನಾನು ಇಲ್ಲಿಂದ ದಾರಿ ಹೇಳಿದ್ರೇನು, ಅಲ್ಲಿಂದ ಹೇಳಿದ್ರೇನು? ಆರು ವಾರ ಅಣ್ಣನ ಮನೆಯಿಂದಲೇ ಕೆಲಸ ಮಾಡ್ತೀನಿ ಅಂತ. ಒಪ್ಕೊಂಡ್ರು. ಒಂದೇ ಷರತ್ತು. ಕೆಲಸದ ಹೊತ್ತಲ್ಲಿ ಅಣ್ಣನ್ನ ನೋಡ್ಕೊಳ್ಳೋಕೆ ಬೇರೆ ಯಾರಾದ್ರೂ ಇರಬೇಕು, ಅವರ ಹೆಸರು ಬರೆದುಕೊಡಬೇಕು. ನಿಮ್ಮ ಹೆಸರು ಬರೆದುಬಿಟ್ಟೆ. ಬೈಕೋಬೇಡಿ.”

ಬೈಯಲಿಲ್ಲ. ಅವಳ ಅಣ್ಣ ನಮ್ಮ ಪಕ್ಕದ ಮನೆಯ ದರ್ಜಿ. ನಮ್ಮ ಬೀದಿಯಲ್ಲಿ ಅವನ ಕೈಯಲ್ಲಿ ಅಂಗಿ ಹೊಲಿಸಿಕೊಳ್ಳದವರಿಲ್ಲ. ಮದುವೆಯಾಗಲಿಲ್ಲ. ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸತ್ತವು, ಮಾತು ತೊದಲಿತು. ನುಂಗುವುದೂ ಕಷ್ಟವಾಯಿತು. ಬರಿ ನೀರು ಕೊಡಬಾರದು, ಪುಡಿ ಬೆರೆಸಿ ಗಟ್ಟಿ ಮಾಡಿ ಚಮಚದಲ್ಲಿ ಕೊಡಬೇಕು, ಆಮೇಲೂ ಅರ್ಧ ಗಂಟೆ ನೆಟ್ಟಗೆ ಕೂರಿಸಿರಬೇಕು ಎಂದು ಡಾಕ್ಟರು ಹೇಳಿದ್ದರು. ಇನ್ನೊಂದು ಮಾತನ್ನೂ ಹೇಳಿದ್ದರು: ಕೆಮ್ಮು ಬರದೇ ಇದ್ದರೂ ನೀರು ಎದೆಗೆ ಇಳಿಯಬಹುದು. ಆ ಮಾತು ಕೇಳಿದಂದಿನಿಂದ ಆ ಮನೆಯಲ್ಲಿ ಸದ್ದಿಲ್ಲದ ಹೊತ್ತೇ ನನಗೆ ಭಯ ಹುಟ್ಟಿಸುತ್ತಿತ್ತು.

ತಂಗಿಗೆ ನಲವತ್ತೆರಡು ವಯಸ್ಸು. ಅಣ್ಣ ಮಾತ್ರ ಈಗಲೂ ಪುಟ್ಟಿ ಎನ್ನುತ್ತಾನೆ. ಸರಕು ಸಾಗಿಸುವ ಕಂಪನಿಯೊಂದರಲ್ಲಿ ಯಾವ ಲಾರಿ ಎಲ್ಲಿ ತುಂಬಿಸಬೇಕು, ಎಲ್ಲಿ ಇಳಿಸಬೇಕು ಎಂದು ಚಾಲಕರಿಗೆ ಹೇಳುವುದು ಅವಳ ಕೆಲಸ. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕು. ಫೋನು ಬಂದರೆ ಎತ್ತಲೇಬೇಕು. ಹೊಲಿಗೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂರುತ್ತಿದ್ದಳು. ಒಳಗಿನ ಮಂಚದಲ್ಲಿ ಅಣ್ಣ, ಅವನ ಪಕ್ಕ ನಾನು.

“ಊರಿನ ಲಾರಿಗೆಲ್ಲ ದಾರಿ ತೋರಿಸ್ತಾಳೆ, ನಂಗೆ ಒಂದು ಲೋಟ ನೀರು ಕೊಡಲ್ಲ” ಎಂದು ಅವನು ತೊದಲುತ್ತಾ ನಗುತ್ತಿದ್ದ. ನೀರಿನ ಆಸೆ ಅವನಿಗೆ ಹಾಗೆ ಹಿಡಿದಿತ್ತು. ಆ ಗಟ್ಟಿ ನೀರನ್ನು ಅಂಟು ಎನ್ನುತ್ತಿದ್ದ.

ಆದರೆ ನಾನು ಹನ್ನೆರಡಕ್ಕೆ ಎದ್ದು ಮನೆಗೆ ಹೋಗಬೇಕಿತ್ತು. ಸೊಸೆ ಕೆಲಸಕ್ಕೆ ಹೊರಟರೆ ಮೊಮ್ಮಗು ನನ್ನ ಪಾಲು. ಅದು ಪುಟ್ಟಿಗೆ ಗೊತ್ತಿತ್ತು. ಆಫೀಸಿನ ಕಾಗದದಲ್ಲಿ ಮಾತ್ರ ನಾನು ಸಂಜೆಯವರೆಗೂ ಅಲ್ಲೇ ಕೂತಿದ್ದೆ. ಊಟವಾದ ಮೇಲೆ ಅವನು ಮಲಗೇ ಇರುತ್ತಾನೆ ಬಿಡಿ ಅಜ್ಜಿ, ಎನ್ನುತ್ತಿದ್ದಳು. ಮೂರು ವಾರ ಹಾಗೇ ನಡೆಯಿತು. 

ನಾಲ್ಕನೇ ವಾರದ ಮಂಗಳವಾರ, ನಾನು ಮನೆಗೆ ಬಂದ ಮೇಲೆ, ಒಂದು ಲಾರಿ ದಾರಿಯಲ್ಲಿ ಕೆಟ್ಟು ನಿಂತಿತಂತೆ. ಚಾಲಕನಿಗೆ ಸಮಾಧಾನ ಹೇಳುತ್ತಾ, ಸರಕಿಗೆ ಬೇರೆ ಗಾಡಿ ಹುಡುಕುತ್ತಾ ಪುಟ್ಟಿ ಫೋನಿನಲ್ಲೇ ಇದ್ದಳು. ಅಣ್ಣ ಎಡಗೈ ಚಾಚಿ, ಕಿಟಕಿಯಲ್ಲಿ ಅವಳು ಕುಡಿದಿಟ್ಟ ನೀರಿನ ಬಾಟಲಿ ಎಳೆದುಕೊಂಡು ಗಟಗಟ ಕುಡಿದ. ಗೋಡೆಯಾಚೆ ನನಗೆ ಕೇಳಿದ್ದು ಒಂದೇ ಒಂದು ಕೆಮ್ಮು. ಎರಡನೆಯದು ಬರಲಿಲ್ಲ. ಮಗುವನ್ನು ಸೊಂಟಕ್ಕೇರಿಸಿಕೊಂಡು ಓಡಿದೆ. ಅಷ್ಟರಲ್ಲಿ ಅವಳು ಅವನನ್ನು ಮುಂದಕ್ಕೆ ಬಗ್ಗಿಸಿ ಬೆನ್ನು ತಟ್ಟುತ್ತಿದ್ದಳು. ಅವನ ತುಟಿ ಕಪ್ಪಿಟ್ಟಿತ್ತು. ಮೇಜಿನ ಮೇಲಿದ್ದ ಹೆಡ್‌ಫೋನಿನಿಂದ ಚಾಲಕ “ಹಲೋ, ಹಲೋ” ಎನ್ನುತ್ತಲೇ ಇದ್ದ.

ಉಸಿರು ಬಂತು. ರಾತ್ರಿಯೊಳಗೆ ಜ್ವರವೂ ಬಂತು. ಎದೆಯ ಎಕ್ಸ್‌ರೇ ತೆಗೆಸಿದರೆ ಬಲಗಡೆ ಕೆಳಗೆ ನಂಜು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಇನ್ನೊಮ್ಮೆ ಹೀಗಾದರೆ ಈ ಎದೆ ತಡೆಯುವುದಿಲ್ಲ ಎಂದರಂತೆ.

ಮರುದಿನ ಬೆಳಿಗ್ಗೆ ಮೇಡಂ ಫೋನು ಮಾಡಿದರು. ಹನ್ನೊಂದು ನಿಮಿಷ ಚಾಲಕನಿಗೆ ಉತ್ತರವಿಲ್ಲ ಎಂದು ಮೇಲಿನವರು ಕೇಳುತ್ತಿದ್ದಾರಂತೆ. ಪುಟ್ಟಿ ಫೋನನ್ನು ನನಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

“ಆಗ ನಿಮ್ಮಣ್ಣನ ಹತ್ರ ಯಾರಿದ್ರು?”

ಅಜ್ಜಿ ಇದ್ದರು ಎಂದರೆ ಸಾಕಿತ್ತು. ನಾನೂ ಹೂಂ ಎನ್ನುತ್ತಿದ್ದೆನೇನೋ. ಪುಟ್ಟಿ ನನ್ನ ಮುಖ ನೋಡಲಿಲ್ಲ.

“ಯಾರೂ ಇರಲಿಲ್ಲ ಮೇಡಂ. ಅಜ್ಜಿ ಹನ್ನೆರಡರವರೆಗೆ ಮಾತ್ರ ಇರ್ತಾರೆ. ನಾನು ಅದನ್ನ ಬರೀಲಿಲ್ಲ.”

 ಆ ಕಾಗದಕ್ಕೆ ಸಹಿ ಹಾಕಿಸಿಕೊಂಡವಳು ನಾನು, ಮೇಲಿನವರಿಗೆ ಏನು ಹೇಳಲಿ ಎಂದರು ಮೇಡಂ. ವಾಪಸು ಬನ್ನಿ, ಇಲ್ಲ ಪೂರ್ತಿ ರಜೆ ಹಾಕಿ ಎಂದರು.

“ಎರಡೂ ಬೇಡ. ಬೆಳಿಗ್ಗೆ ಎಂಟರಿಂದ ಹನ್ನೆರಡು ಕೆಲಸ ಮಾಡ್ತೀನಿ. ಹನ್ನೆರಡರ ಮೇಲೆ ಅರ್ಧ ದಿನ ರಜೆ ಬರ್ಕೊಳ್ಳಿ. ಹನ್ನೆರಡು ದಿನ ಅಂದ್ರೆ ಇಪ್ಪತ್ತನಾಲ್ಕು ಮಧ್ಯಾಹ್ನ ಆಯ್ತು. ಆ ಹೊತ್ತಿಗೆ ನನ್ನ ಗಾಡಿಗಳನ್ನ ಬೇರೆಯವರಿಗೆ ಕೊಡಿ.”

“ಇಪ್ಪತ್ತೈದನೇ ಮಧ್ಯಾಹ್ನ?”

“ಗೊತ್ತಿಲ್ಲ ಮೇಡಂ.”

ಮೇಡಂ ಉಸಿರು ಬಿಟ್ಟದ್ದು ನನಗೂ ಕೇಳಿಸಿತು. ಬರೆದು ಕಳಿಸಿ, ಈ ಸಲ ಇರುವುದನ್ನು ಇರುವ ಹಾಗೆ ಬರೆಯಿರಿ, ಮೇಲಿನವರನ್ನು ಕೇಳುತ್ತೇನೆ, ಅಲ್ಲಿಯವರೆಗೆ ಹಾಗೇ ಮಾಡಿ ಎಂದರು. ಒಪ್ಪಿಗೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ವ್ಯಾಯಾಮ ಮಾಡಿಸಲು ಬರುವವರು ನುಂಗುವುದು ಸರಿಹೋಗಲು ಮೂರು ತಿಂಗಳಾದರೂ ಬೇಕು ಎಂದಿದ್ದಾರೆ. ವಾರಕ್ಕೆ ಐದರಂತೆ ಇಪ್ಪತ್ತನಾಲ್ಕು ಮಧ್ಯಾಹ್ನಗಳು ಐದು ವಾರವನ್ನೂ ತುಂಬುವುದಿಲ್ಲ. ಈ ಲೆಕ್ಕ ನನ್ನಂಥವಳ ಬೆರಳಿಗೂ ಎಟುಕುತ್ತದೆ, ಅವಳಿಗೆ ತಿಳಿಯದೆ ಇರುತ್ತದೆಯೇ?  

ಅಂದು ಹನ್ನೆರಡಕ್ಕೆ ಲ್ಯಾಪ್‌ಟಾಪ್ ಮುಚ್ಚಿದಳು. ಅಣ್ಣನನ್ನು ಎಡಕ್ಕೆ ಹೊರಳಿಸಿ ಒದ್ದೆಯಾಗಿದ್ದ ಹಾಸಿಗೆ ಬಟ್ಟೆ ಎಳೆದುಕೊಂಡಳು. ಹಿತ್ತಲ ನಲ್ಲಿಯಡಿ ಸಾಬೂನು ಹಚ್ಚಿ ತಿಕ್ಕಿದಳು. ಮೊಮ್ಮಗುವನ್ನು ಪಕ್ಕದಲ್ಲೇ ನೆಲಕ್ಕೆ ಕೂರಿಸಿ ಒಂದು ತುದಿ ನಾನು ಹಿಡಿದುಕೊಂಡೆ, ಇನ್ನೊಂದು ತುದಿ ಅವಳು. ಹಿಂಡಿ, ಕೊಡವಿ, ತಂತಿಯ ಮೇಲೆ ಹರವಿದೆವು.