ಮುಚ್ಚಿದರೆ ಹೊಡೆಯದ ಅಲಾರಂ

ಮಾತ್ರೆಯ ಹೊತ್ತು ನೆನಪಿಸುವ ಆ್ಯಪ್ ತಯಾರಿಸುವ ಕಚೇರಿಯಲ್ಲಿ ಆಕೆ ಟೆಸ್ಟರ್. ಬೇರೆಯವರ ಕೆಲಸದಲ್ಲಿ ಹುಳುಕು ಹುಡುಕಿ ಸಂಬಳ ತೆಗೆದುಕೊಳ್ಳುವ ಭಾಗ್ಯ ಎಷ್ಟು ಜನಕ್ಕಿದೆ? ಕಚೇರಿಯವರು ಅವಳನ್ನು ಕರೆಯುವುದು 'ಹಂತದಕ್ಕ' ಎಂದು. ಯಾರು ದೂರು ತಂದರೂ ಅವಳದು ಒಂದೇ ರಾಗ: ಯಾವ ಯಾವ ಹಂತ ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು? ಇದರಲ್ಲಿ ಒಂದು ಕಡಿಮೆಯಾದರೂ ಟಿಕೆಟ್ಟು, ಅಂದರೆ ಬರೆದುಕೊಟ್ಟ ದೂರು, ವಾಪಸ್ಸು.

ಅಂಥವಳು ಒಂದು ಸಂಜೆ ಮನೆಗೆ ಬಂದರೆ ಅಮ್ಮ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಅಮ್ಮನಿಗೆ ಫಿಟ್ಸ್ ಇದೆ, ಮಧ್ಯಾಹ್ನದ ಮಾತ್ರೆ ತಪ್ಪುವಂತಿಲ್ಲ. ಆ ಹೊತ್ತಿಗೆ ಮಗಳು ಕಚೇರಿಯಲ್ಲಿರುತ್ತಾಳೆಂದೇ ಫೋನಿಗೆ ತಮ್ಮ ಆ್ಯಪ್ ಹಾಕಿಕೊಟ್ಟಿದ್ದು. ಮುಖಕ್ಕೆ ನೀರು ತಟ್ಟಿಸಿಕೊಂಡು ಎದ್ದು ಕೂತ ಅಮ್ಮ, "ಹೊಡೀಲೇ ಇಲ್ಲ ಕಣೇ. ಹೊಡೆದಿದ್ರೆ ತಗೋತಿರ್ಲಿಲ್ವಾ?" ಎಂದಳು.

ಮರುದಿನ ಹಂತದಕ್ಕ ಬರೆದಂಥ ಟಿಕೆಟ್ಟನ್ನು ಬೇರೆ ಯಾರಾದರೂ ತಂದಿದ್ದರೆ ಅವಳೇ ಅದನ್ನು ಅವರ ಮುಖಕ್ಕೆ ಎಸೆಯುತ್ತಿದ್ದಳು. 'ಮಧ್ಯಾಹ್ನದ ಅಲಾರಂ ಹೊಡೆಯುತ್ತಿಲ್ಲ. ತುರ್ತು.' ಇಷ್ಟೇ. ಕೋಡ್ ಬರೆಯುವವನಿಗೆ ಸನ್ಯಾಸಿ ಎಂದು ಹೆಸರು, ಯಾವುದಕ್ಕೂ ಕೋಪವೂ ಇಲ್ಲ, ಅವಸರವೂ ಇಲ್ಲ. ಅವನು ತನ್ನ ಫೋನಿನಲ್ಲಿ ಹತ್ತಾರು ಸಲ ಅಲಾರಂ ಇಟ್ಟು ನೋಡಿದ. ಪ್ರತಿ ಸಲವೂ ಹೊಡೆಯಿತು. 'ನಮ್ಮಲ್ಲಿ ಹಾಗಾಗುತ್ತಿಲ್ಲ' ಎಂದು ಬರೆದು ಟಿಕೆಟ್ಟು ಮುಚ್ಚಿದ. ಆಮೇಲೆ ಮೆಲ್ಲಗೆ, ಹಂತಗಳೆಲ್ಲಿ ಅಕ್ಕಾ ಎಂದು ಕೇಳಿದ.

ಅಮ್ಮನನ್ನು ಕೇಳಿದರೆ ತಾನೇನೂ ಮಾಡಿಲ್ಲ ಎಂಬುದೊಂದೇ ಉತ್ತರ. ಅಮ್ಮನ ಫೋನನ್ನು ಕೈಯಲ್ಲಿ ಹಿಡಿದು ತಾನೇ ಅಲಾರಂ ಇಟ್ಟರೆ ಅದೂ ಗಂಟಲು ಹರಿಯುವಂತೆ ಹೊಡೆಯಿತು. ಕೊನೆಗೆ ರಜೆ ಹಾಕಿ, ಅಮ್ಮನಿಗೆ ಏನೂ ಹೇಳದೆ, ಬಟ್ಟೆ ಮಡಿಸುವ ನೆಪದಲ್ಲಿ ಕೂತು ನೋಡಿದಳು.

ಅಮ್ಮ ತಿಂಡಿ ತಿಂದು ಬೆಳಗಿನ ಮಾತ್ರೆ ನುಂಗಿದಳು. ಆ್ಯಪ್ ತೆರೆದು 'ತಗೊಂಡೆ' ಎಂಬುದನ್ನು ಒತ್ತಿದಳು. ಆಮೇಲೆ ತೆರೆದಿದ್ದ ಆ್ಯಪ್‌ಗಳನ್ನೆಲ್ಲ ಒಂದೊಂದಾಗಿ ಬೆರಳಿನಿಂದ ಮೇಲಕ್ಕೆ ತಳ್ಳಿ ಮುಚ್ಚಿದಳು. ಗಾಜು ಒರೆಸಿ ಫೋನನ್ನು ಕಪಾಟಿನ ಮೇಲಿಟ್ಟಳು. ಡಬ್ಬಿಯ ಮುಚ್ಚಳ, ನಲ್ಲಿ, ಕಿಟಕಿ, ಯಾವುದನ್ನೂ ತೆರೆದಿಟ್ಟು ಗೊತ್ತಿಲ್ಲದ ಜೀವ. ಮಧ್ಯಾಹ್ನ ಫೋನು ತುಟಿಪಿಟಕ್ಕೆನ್ನಲಿಲ್ಲ. ಯಾಕಮ್ಮ ಇದನ್ನು ಹೇಳಲಿಲ್ಲ ಎಂದರೆ, ಮುಚ್ಚುವುದೂ ಒಂದು ಕೆಲಸವೇ ಎಂದು ಅಮ್ಮನಿಗೇ ಆಶ್ಚರ್ಯ.

ಈ ಸಲದ ಟಿಕೆಟ್ಟು ಟಿಕೆಟ್ಟಿನ ಹಾಗಿತ್ತು. ಮೊದಲಿಗೆ ಫೋನಿನ ಮಾಡೆಲ್ಲು, ಆ್ಯಪಿನ ಆವೃತ್ತಿ. ಹಂತ ಒಂದು, ಐದು ನಿಮಿಷದ ನಂತರಕ್ಕೆ ಅಲಾರಂ ಇಡಿ. ಎರಡು, ಇತ್ತೀಚಿನ ಆ್ಯಪ್‌ಗಳ ಪಟ್ಟಿಗೆ ಹೋಗಿ ನಮ್ಮದನ್ನು ಮೇಲಕ್ಕೆ ತಳ್ಳಿ ಮುಚ್ಚಿ. ಮೂರು, ಪರದೆ ಆರಿಸಿ ಕಾಯಿರಿ. ಆಗಬೇಕಾದದ್ದು: ಹೊತ್ತಿಗೆ ಸರಿಯಾಗಿ ಅಲಾರಂ ಹೊಡೆಯಬೇಕು. ಆದದ್ದು: ಸದ್ದಿಲ್ಲ, ಸೂಚನೆಯೂ ಇಲ್ಲ. ಪ್ರತಿ ಸಲವೂ ಹೀಗೆಯೇ.

ಸನ್ಯಾಸಿ ಅದೇ ಮಾಡೆಲ್ಲಿನ ಫೋನು ತರಿಸಿ ಅದರಂತೆಯೇ ಮಾಡಿದ. ಮೊದಲ ಪ್ರಯತ್ನಕ್ಕೇ ದೋಷ ಸಿಕ್ಕಿತು. ಅವಳಿಗೆ ಎದೆಯ ಭಾರ ಇಳಿದಂತಾಯಿತು. ಆದರೆ ಅವನು ತಲೆ ಕೆರೆದುಕೊಂಡ. "ಬ್ಯಾಟರಿ ಉಳಿಸೋಕೆ ಫೋನಿನವರೇ ಹೀಗೆ ಮಾಡಿಟ್ಟಿದ್ದಾರೆ ಅಕ್ಕಾ. ಆ್ಯಪ್ ಮುಚ್ಚಿದ್ರೆ ನಾವಿಟ್ಟ ಅಲಾರಂ ಎಲ್ಲ ಅಳಿಸಿ ಹೋಗುತ್ತೆ. ನಮ್ಮ ಕೈಲಿಲ್ಲ."

ಮ್ಯಾನೇಜರು ಟಿಕೆಟ್ಟನ್ನು ಹೊಗಳಿದ, ಹೊಸಬರಿಗೆಲ್ಲ ಮಾದರಿಯೆಂದು ತೋರಿಸಿದ, 'ಸರಿಪಡಿಸುವಂಥದ್ದಲ್ಲ' ಎಂದು ಮುಚ್ಚಿಯೂ ಬಿಟ್ಟ. 'ಆ್ಯಪನ್ನು ಮುಚ್ಚಬೇಡಿ' ಎಂದು ಒಂದು ಎಚ್ಚರಿಕೆಯನ್ನಾದರೂ ಹಾಕಿ ಎಂದು ಅವಳು ಗೋಗರೆದಳು. ಜನ ಹೆದರುತ್ತಾರೆ, ಮುಂದಿನ ಮೀಟಿಂಗಿನಲ್ಲಿ ನೋಡೋಣ ಎಂದ. ಸಿಟ್ಟು ನೆತ್ತಿಗೇರಿತು. ಏರಿ ಏನು ಮಾಡುವುದು?

ಅಂದು ಸಂಜೆ ಅಮ್ಮನ ಫೋನಿನಿಂದ ಆ್ಯಪ್ ತೆಗೆದುಹಾಕಿ, ಫೋನಿನಲ್ಲೇ ಇರುವ ಗಡಿಯಾರದ ಅಲಾರಂ ಇಟ್ಟಳು. ಮುಚ್ಚಿ ನೋಡಿದಳು, ಹೊಡೆಯಿತು. ಇನ್ನು ನಿನಗೆ ಭಯವಿಲ್ಲ ಎಂದಳು.

ಅಮ್ಮನ ಮುಖ ಮಾತ್ರ ಸಣ್ಣದಾಯಿತು.

"ಹಾಗಾದ್ರೆ ಕೆಳಗಿನ ಮನೆ ಅಜ್ಜಿಗೆ? ಸಕ್ಕರೆ ಕಾಯಿಲೆ ಅವರಿಗೆ. ಹಾಲಿನ ಅಂಗಡಿಯವಳ ಗಂಡನಿಗೆ? ನನ್ನ ಮಗಳೇ ಪರೀಕ್ಷೆ ಮಾಡಿದ್ದು ಅಂತ ಎಲ್ಲರಿಗೂ ನಾನೇ ಹಾಕಿಸಿಕೊಟ್ಟೆ."

"ಎಷ್ಟು ಜನಕ್ಕಮ್ಮಾ?"

"ನನಗೇನು ಗೊತ್ತೇ? ಅವರೂ ಇನ್ಯಾರಿಗೋ ಹಾಕ್ಕೊಟ್ಟಿದ್ದಾರೆ." ಅಮ್ಮ ಫೋನಿನ ಗಾಜಿನ ಮೇಲೆ ಬೆರಳನ್ನು ಮೇಲಕ್ಕೆ ಎಳೆದು ತೋರಿಸಿದಳು. "ಕೆಲಸ ಆದ್ಮೇಲೆ ಹೀಗೆ ತಳ್ಳಿ ಮುಚ್ಚಬೇಕು, ಫೋನು ಚೆನ್ನಾಗಿರುತ್ತೆ ಅಂತಾನೂ ಹೇಳ್ಕೊಟ್ಟೆ."