ಯಲಗೂರಪ್ಪನ ಕ್ಯಾಮ್ ಮತ್ತು ರುದ್ರವ್ವನ ಹತ್ತು ರೊಟ್ಟಿ

ಅಚ್ಚಾದ ಪುಸ್ತಕದಲ್ಲಿ ತಪ್ಪು ಕಂಡುಹಿಡಿದ ಮನುಷ್ಯ ತಿಕೋಟಾದಲ್ಲಿ ಒಬ್ಬನೇ ಇದ್ದ. ಹೆಸರು ಯಲಗೂರಪ್ಪ. ಈ ಸಂಗತಿ ಊರಿನಲ್ಲಿ ಯಾರಿಗೂ ಗೊತ್ತಿಲ್ಲ ಎನ್ನುವಂತಿರಲಿಲ್ಲ. ಬಸ್ಸಿಗೆ ಕಾಯುತ್ತಿದ್ದವರಿಗೂ ಅವನು ಹೇಳಿದ್ದ.

ಘಟನೆ ನಡೆದದ್ದು 1974ರಲ್ಲಿ. ಆಗ ಯಲಗೂರಪ್ಪ ವಿಜಾಪುರದ ಒಂದು ವರ್ಕ್‌ಶಾಪಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ. ಶೇಂಗಾ ಎಣ್ಣೆಯನ್ನು ಡಬ್ಬಿಗೆ ತುಂಬುವ ಯಂತ್ರಕ್ಕೆ ಒಂದು ಕ್ಯಾಮ್ ಬೇಕಾಗಿತ್ತು. ಕ್ಯಾಮ್ ಎಂದರೆ ತಿರುಗುವ ಕಬ್ಬಿಣದ ಬಿಲ್ಲೆ. ಅದು ಪೂರ್ತಿ ಗುಂಡಗಿರುವುದಿಲ್ಲ, ಒಂದು ಕಡೆ ಉಬ್ಬಿರುತ್ತದೆ. ಅದರ ಅಂಚಿಗೆ ಒಂದು ಸಣ್ಣ ಗಾಲಿ ಒತ್ತಿಕೊಂಡಿರುತ್ತದೆ. ಬಿಲ್ಲೆ ತಿರುಗಿದಂತೆ ಗಾಲಿ ಏಳುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ಇಳಿಯುತ್ತದೆ. ಎಷ್ಟು ಏಳಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾವ ವೇಗದಲ್ಲಿ ಇಳಿಯಬೇಕು ಎಂಬುದೆಲ್ಲ ಆ ಅಂಚಿನ ಆಕಾರದಲ್ಲಿರುತ್ತದೆ.

ಕಾಗದದ ಮೇಲೆ ಬಿಲ್ಲೆ ತಿರುಗುವುದಿಲ್ಲ. ಆದ್ದರಿಂದ ಬಿಲ್ಲೆ ನಿಂತಿದೆ, ಗಾಲಿಯೇ ಅದರ ಸುತ್ತ ಹಿಮ್ಮುಖವಾಗಿ ಓಡುತ್ತಿದೆ ಎಂದುಕೊಂಡು ಬರೆಯಬೇಕು. ಯಂತ್ರ ಬಲಕ್ಕೆ ತಿರುಗುವುದಾದರೆ ಕೋನಗಳ ಗುರುತು ಎಡಕ್ಕೆ ಸಾಗಬೇಕು. ಪುಸ್ತಕದಲ್ಲಿ ಹಾಗೆಯೇ ಇತ್ತು, ಯಲಗೂರಪ್ಪ ಹಾಗೆಯೇ ಬರೆದ. ಕಬ್ಬಿಣ ಕೊರೆಯುವ ಪರಸಪ್ಪ ಅದರಂತೆ ಬಿಲ್ಲೆ ಕತ್ತರಿಸಿದ. ಯಂತ್ರ ನಿಧಾನ ಏಳಬೇಕಾದಲ್ಲಿ ಜಿಗಿದು, ಗಿರಣಿ ಮಾಲೀಕರ ಧೋತರಕ್ಕೆ ಅರ್ಧ ಡಬ್ಬಿ ಎಣ್ಣೆ ಬಿತ್ತು. ಯಲಗೂರಪ್ಪ ಒಂದು ದಿನ ಊಟ ಬಿಟ್ಟ. ಮರುದಿನ ಪುಸ್ತಕಕ್ಕೆ ವಿರುದ್ಧವಾಗಿ, ಯಂತ್ರ ತಿರುಗುವ ದಿಕ್ಕಿನಲ್ಲೇ ಗುರುತು ಹಾಕಿ ಬರೆದ. ಯಂತ್ರ ಸರಿಯಾಗಿ ನಡೆಯಿತು. ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ 'ತಪ್ಪು' ಎಂದು ಬರೆದು ಸಹಿ ಮಾಡಿದ. ಮುಂದಿನ ಇಪ್ಪತ್ತೈದು ವರ್ಷ ಅವನು ಬರೆದ ಕ್ಯಾಮುಗಳೆಲ್ಲ ಪುಸ್ತಕಕ್ಕೆ ಉಲ್ಟಾ. ಪರಸಪ್ಪ ಕತ್ತರಿಸಿದ, ಎಲ್ಲವೂ ನಡೆದವು.

ನಿವೃತ್ತಿಯ ಹೊತ್ತಿಗೆ ಮನೆಯಲ್ಲಿ ಬೇರೆ ಕೆಲಸ ಕಾದಿತ್ತು. ಹೆಂಡತಿ ರುದ್ರವ್ವ ತಿಕೋಟಾ ಬಸ್ ನಿಲ್ದಾಣದ ಎದುರು ಖಾನಾವಳಿ ನಡೆಸುತ್ತಿದ್ದಳು. ದಿನಕ್ಕೆ ಮುನ್ನೂರು ಜೋಳದ ರೊಟ್ಟಿ ಬಡಿದು ಬಡಿದು ಬಲಭುಜ ಹಿಡಿದುಕೊಂಡಿತ್ತು. ಸೆರಗು ತಲೆಗೆ ಎಳೆದುಕೊಳ್ಳಲು ಎಡಗೈ ಬೇಕಾಗುತ್ತಿತ್ತು. ಹೀಗೇ ಬಡಿದರೆ ಕೈ ಮೇಲೇಳುವುದೇ ನಿಲ್ಲುತ್ತದೆ ಎಂದು ಡಾಕ್ಟರು ಹೇಳಿದ್ದರು. ರುದ್ರವ್ವ ಬಡಿಯುವುದು ನಿಲ್ಲಿಸಲಿಲ್ಲ. ಕೆಲಸದ ಮಲಕವ್ವ ಹಿಟ್ಟು ನಾದಬಹುದು, ಬೇಯಿಸಬಹುದು. ಬಡಿಯುವುದು ಮಾತ್ರ ತಾನೇ.

ಯಲಗೂರಪ್ಪ ರೊಟ್ಟಿ ಒತ್ತುವ ಯಂತ್ರ ಮಾಡುತ್ತೇನೆಂದ. ರುದ್ರವ್ವ ಷರತ್ತು ಹಾಕಿದಳು.

"ಅಂಚ ಒಡೀದ ಹತ್ತ ರೊಟ್ಟಿ ಸಾಲಾಗಿ ಬರ್ಲಿ. ಆವತ್ತ ಬಡಿಯೂದ ಬಿಡ್ತೀನ್ರಿ. ಒಂದ ಒಡದ್ರೂ ನಿಮ್ಮ ಯಂತ್ರ ಗುಜರಿಗೆ."

ಒಂದು ವಾರ ಯಲಗೂರಪ್ಪ ಕೈಗಡಿಯಾರ ಹಿಡಿದು ಅವಳ ಎದುರು ಕೂತ. ಗಿರಾಕಿಗಳು ನೋಡಿ ನಕ್ಕರು.

"ನನ್ನ ನಾಡಿ ನೋಡಾಕತ್ತೀರೇನ್ರಿ?" ಎಂದಳು ರುದ್ರವ್ವ.

"ಕೈ ನೋಡಾಕತ್ತೇನಿ. ಸುಮ್ನ ಬಡಿ."

ಅವನು ಕಂಡದ್ದು ಇಷ್ಟು. ಜೋಳದ ಹಿಟ್ಟಿಗೆ ಗೋಧಿಯಂತೆ ಜಿಗುಟಿಲ್ಲ. ಅವಸರದಲ್ಲಿ ಒತ್ತಿದರೆ ಅಂಚು ಸೀಳುತ್ತದೆ. ರುದ್ರವ್ವನ ಕೈ ಮೆಲ್ಲಗೆ ಹರಡಿಸಿ, ಕೊನೆಗೆ ಇನ್ನೂ ಮೆತ್ತಗಾಗುತ್ತಿತ್ತು. ಬಿಡುವಾಗ ಮಾತ್ರ ತಡ ಮಾಡುತ್ತಿರಲಿಲ್ಲ. ತಡವಾದರೆ ಹಿಟ್ಟು ಅಂಟುತ್ತದೆ. ಇದನ್ನು ಅವನು ಕೋನಗಳಿಗೆ ಇಳಿಸಿದ. ಬಿಲ್ಲೆಯ ಒಂದು ಸುತ್ತಿಗೆ ಹತ್ತು ಸೆಕೆಂಡು. ನೂರೈವತ್ತು ಡಿಗ್ರಿಯಲ್ಲಿ ಕೆಳತಟ್ಟೆ ಇಪ್ಪತ್ನಾಲ್ಕು ಮಿಲಿಮೀಟರ್ ಏರಿ ಹಿಟ್ಟನ್ನು ಮೇಲಿನ ತಟ್ಟೆಗೆ ಒತ್ತಬೇಕು. ಅರವತ್ತು ಡಿಗ್ರಿ ಒತ್ತಿ ನಿಲ್ಲಬೇಕು. ಅರವತ್ತು ಡಿಗ್ರಿಯಲ್ಲಿ ಇಳಿಯಬೇಕು. ಉಳಿದ ತೊಂಬತ್ತರಲ್ಲಿ ಕೆಳಗೇ ನಿಲ್ಲಬೇಕು. ಆಗ ರೊಟ್ಟಿ ತೆಗೆದು ಮುಂದಿನ ಹಿಟ್ಟಿನ ಉಂಡಿ ಇಡುವುದು.

ಅವನ ಕೈ ಈಗ ನಡುಗುತ್ತಿತ್ತು, ಪೆನ್ಸಿಲ್ ಗೆರೆ ಸರಿಯಾಗಿ ನಿಲ್ಲುತ್ತಿರಲಿಲ್ಲ. ಹೀಗಾಗಿ 1999ರ ಬೇಸಿಗೆಯಲ್ಲಿ ಅವನು ಬಸ್ಸು ಹತ್ತಿ ವಿಜಾಪುರದ ಜಲನಗರದ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಹೋಗಿ, ಪರದೆಯ ಮೇಲೆ ಡ್ರಾಯಿಂಗ್ ಬರೆಯುವ ಕ್ಯಾಡ್ ಕಲಿಯಲು ಹೆಸರು ಹಚ್ಚಿದ. ಕಲಿಸುವವಳು ಗುರುಬಸವ್ವ, ಇಪ್ಪತ್ನಾಲ್ಕು ವರ್ಷದವಳು. ತರಗತಿಯ ಉಳಿದವರು ಅವಳಿಗಿಂತ ಚಿಕ್ಕವರು. ಚಪ್ಪಲಿ ಹೊರಗೆ ಬಿಡಬೇಕೆಂಬ ನಿಯಮವಿತ್ತು. ಯಲಗೂರಪ್ಪ ಟೊಪ್ಪಿಗೆಯನ್ನೂ ಬಿಟ್ಟು ಒಳಗೆ ಬಂದ.

ತಿಂಗಳಲ್ಲಿ ಅವನು ಪರದೆಯ ಮೇಲೆ ವೃತ್ತ ಎಳೆಯುವುದು ಕಲಿತ. ಬಿಲ್ಲೆಯ ಮೂಲ ವೃತ್ತ ನಲವತ್ತು ಮಿಲಿಮೀಟರ್ ತ್ರಿಜ್ಯ, ಗಾಲಿಯದು ಹನ್ನೆರಡು; ಎರಡೂ ಸೇರಿ ಐವತ್ತೆರಡರ ವೃತ್ತದಿಂದ ಗಾಲಿಯ ನಡುಬಿಂದುವಿನ ಹಾದಿ ಶುರು. ಏರಿಕೆಯನ್ನು ಹನ್ನೆರಡು ಭಾಗ ಮಾಡಿ, ಪ್ರತಿ ಭಾಗಕ್ಕೂ ಎತ್ತರ ಲೆಕ್ಕ ಹಾಕಿದ. ಶುರುವಿನಲ್ಲೂ ಕೊನೆಯಲ್ಲೂ ವೇಗ ಸೊನ್ನೆಗೆ ಬರುವ ಸೈಕ್ಲಾಯ್ಡ್ ಲೆಕ್ಕ: ಕಾಲು ದಾರಿಯಲ್ಲಿ ಎರಡೂ ಕಾಲರ ಹತ್ತಿರ, ಅರ್ಧ ದಾರಿಯಲ್ಲಿ ಹನ್ನೆರಡು, ಮುಕ್ಕಾಲು ದಾರಿಯಲ್ಲಿ ಇಪ್ಪತ್ತೊಂದು ಮುಕ್ಕಾಲಕ್ಕಿಂತ ತುಸು ಹೆಚ್ಚು. ಬಿಂದುಗಳನ್ನು ನಯವಾದ ಗೆರೆಯಿಂದ ಕೂಡಿಸಿ, ಆ ಗೆರೆಯನ್ನು ಗಾಲಿಯ ತ್ರಿಜ್ಯದಷ್ಟು ಒಳಕ್ಕೆ ಸರಿಸಿದರೆ ಬಿಲ್ಲೆಯ ಅಂಚು ಸಿದ್ಧ.

ಜಗಳ ಹತ್ತಿದ್ದು ದಿಕ್ಕಿನ ಮೇಲೆ.

"ಸರ್, ಶಾಫ್ಟ್ ಬಲಕ್ಕ ತಿರಗ್ತೈತಿ ಅಂದ್ರಿ. ಅಂದ್ರ ಕೋನ ಎಡಕ್ಕ ಹೋಗ್ಬೇಕ್ರಿ. ಕಂಪ್ಯೂಟರ್ ತಾನಾಗೇ ಎಡಕ್ಕ ಎಣಸ್ತೈತಿ. ನೀವ್ಯಾಕ ಎಲ್ಲಾದಕ್ಕೂ ಮೈನಸ್ ಹಾಕಾಕತ್ತೀರಿ?"

"ಯವ್ವಾ, ನೀ ಹುಟ್ಟೂಕಿಂತ ಮೊದ್ಲ ಈ ಪುಸ್ತಕದ ತಪ್ಪ ಹಿಡದೇನಿ. ಈ ಡಬ್ಬಿಗೂ ಅದನ್ನ ಕಲಿಸ್ಯಾರ, ಪಾಪ."

"ಎಲ್ಲಾ ಪುಸ್ತಕದಾಗೂ ಹಂಗ ಐತ್ರಿ ಸರ್."

"ಒಬ್ಬಾಂವ ಬರದಾನ, ಉಳದಾವ್ರು ನೋಡಿ ಬರದಾರ. ಮೈನಸ್ ಹಾಕು."

ಗುರುಬಸವ್ವ ಮೈನಸ್ ಹಾಕಿದಳು. ಇನ್ನೊಂದು ಮಾತನ್ನೂ ಹೇಳಿದಳು: ಅರವತ್ತು ಡಿಗ್ರಿಯ ಇಳಿಜಾರು ಬಲು ಕಡಿದಾಗಿದೆ; ಇಳಿಯುವುದಕ್ಕಾದರೆ ನಡೆಯುತ್ತದೆ, ಏರುವುದಕ್ಕಾದರೆ ಗಾಲಿಯನ್ನು ಹೊತ್ತ ದಂಡ ಪಕ್ಕಕ್ಕೆ ಒತ್ತಿ ಒರಲುತ್ತದೆ. ಯಲಗೂರಪ್ಪ ಇಳಿಯುವುದಕ್ಕೇ ಅಲ್ಲವೇ ಎಂದ. ಪ್ರಿಂಟರಿನಿಂದ ಬಿಲ್ಲೆಯಷ್ಟೇ ಅಳತೆಯ ಚಿತ್ರದ ಹಾಳೆ ಬಂತು. ಅದನ್ನು ಮಡಚದೆ ಕೊಳವೆಯಂತೆ ಸುತ್ತಿ, ಬಬಲೇಶ್ವರದಲ್ಲಿ ಈಗ ಸ್ವಂತ ವರ್ಕ್‌ಶಾಪ್ ಇಟ್ಟಿದ್ದ ಪರಸಪ್ಪನಿಗೆ ಒಯ್ದು ಕೊಟ್ಟ. ಪರಸಪ್ಪ ಹನ್ನೆರಡು ಮಿಲಿಮೀಟರ್ ತಗಡಿಗೆ ಹಾಳೆ ಅಂಟಿಸಿ, ಗೆರೆಗುಂಟ ಚುಕ್ಕಿ ಹೊಡೆದು, ಕೊರೆದು, ಅರ ಹಾಕಿ ನಯ ಮಾಡಿದ.

ಪರೀಕ್ಷೆಯ ದಿನ ಮಧ್ಯಾಹ್ನದ ಊಟ ಮುಗಿದ ಮೇಲೆ ಯಂತ್ರಕ್ಕೆ ಕರೆಂಟು ಕೊಟ್ಟರು. ಮಲಕವ್ವ ಮೊದಲ ಉಂಡಿ ಇಟ್ಟಳು. ತಟ್ಟೆ ನಾಯಿ ಕಚ್ಚಿದಂತೆ ಮೇಲೆ ಹಾರಿತು. ದಂಡದಿಂದ ಹಂದಿ ಹಿಡಿದಾಗಿನಂಥ ಸದ್ದು. ಆಮೇಲೆ ತಟ್ಟೆ ಬಲು ಸಾವಕಾಶ, ಅಳಿಯನನ್ನು ಬೀಳ್ಕೊಟ್ಟಂತೆ ಇಳಿಯಿತು. ಅಷ್ಟರಲ್ಲಿ ಅರ್ಧ ರೊಟ್ಟಿ ಮೇಲಿನ ತಟ್ಟೆಗೆ ಅಂಟಿತ್ತು. ಉಳಿದರ್ಧದ ಅಂಚು ಸುತ್ತಲೂ ಬಿರಿದಿತ್ತು.

"ಸೂರ್ಯಾ ಮಾಡ್ಯಾರ ನೋಡ್ರಿ, ಕಿರಣ ಸಮೇತ," ಎಂದಳು ಮಲಕವ್ವ.

ರುದ್ರವ್ವ ಸೆರಗು ಸಿಕ್ಕಿಸಿಕೊಂಡು ಬಡಿಯುವ ಕಲ್ಲಿನ ಎದುರು ಕೂತು ಸಂಜೆಯ ರೊಟ್ಟಿಗೆ ಹಿಟ್ಟು ಎಳೆದುಕೊಂಡಳು. ಮೊದಲ ಏಟಿಗೇ ಹಲ್ಲು ಕಚ್ಚಿದಳು. ಯಲಗೂರಪ್ಪ ಅದನ್ನು ನೋಡಿದ.

ಅವನು ಪರಸಪ್ಪನ ಮೇಲೆ ತಿರುಗಿದ. "ಲೇ ಪರಸ್ಯಾ, ಏನ್ ಕೊರದೀಯೋ? ಏರೂದು ಇಳಿಯೂದು ಅದಲಬದಲ ಆಗೇತಿ."

"ನೀ ಗೆರಿ ಕೊಟ್ಟಿ, ನಾ ಕೊರದೀನಿ, ಮಾಸ್ತರ. ಕೂದಲೆಳಿ ಫರಕ್ ಇಲ್ಲ. ಹಾಳಿ ಇನ್ನಾ ಅಂಟಕೊಂಡೈತಿ, ನೋಡು."

ಬಿಲ್ಲೆಯ ಮೇಲೆ ಪ್ರಿಂಟರಿನ ಹಾಳೆಯ ತುಣುಕು ಇತ್ತು. ಅದರ ಮೇಲೆ '150' ಎಂಬ ಅಂಕಿ ನೆಟ್ಟಗೆ ಕಾಣುತ್ತಿತ್ತು. ಯಲಗೂರಪ್ಪ ಅದನ್ನೇ ದಿಟ್ಟಿಸಿದ. ಏನೋ ಹೊಸತಾಗಿ ಕಂಡಿತು. ಪರಸಪ್ಪನ ಬಿಲ್ಲೆಗಳ ಮೇಲೆ ಅಂಕಿ ನೆಟ್ಟಗೆ ಇದ್ದದ್ದನ್ನು ಅವನು ಎಂದೂ ನೋಡಿರಲಿಲ್ಲ.

"ಮೊದ್ಲ ನನ್ನ ಅಂಕಿ ತಿರಮುರವಾಗಿ ಕಾಣ್ತಿದ್ವಲ್ಲೋ?"

"ಕಾಣ್ತಿದ್ವು. ಬೋರಲ ಅಂಟಸ್ತಿದ್ನಲ್ಲ."

"ಯಾಕ?"

"ಮತ್ತ? ನೀ ಟ್ರೇಸಿಂಗ್ ಹಾಳಿಮ್ಯಾಲ ಪೆನ್ಸಿಲ್ಲಿಂದ ಬರೀತಿದ್ದಿ. ನನ್ನ ಎಣ್ಣಿ ಕೈ ತಾಕಿದ್ರ ಅಳಸಿ ಹೋಗ್ತಿತ್ತು. ಗೆರಿ ಕೆಳಗ ಮಾಡಿ ಅಂಟಸಿದ್ರ ಕೈ ತಾಕೂದಿಲ್ಲ, ತೆಳು ಹಾಳಿ, ಗೆರಿ ಮ್ಯಾಲಿಂದೂ ಕಾಣ್ತೈತಿ. ಈ ಕಂಪ್ಯೂಟರ್ ಹಾಳಿ ದಪ್ಪ. ಬೋರಲ ಹಾಕಿದ್ರ ಏನೂ ಕಾಣೂದಿಲ್ಲ. ಅದಕ್ಕ ಅಂಗಾತ ಹಾಕ್ದೆ."

"ಎಷ್ಟ ವರ್ಷದಿಂದ ಬೋರಲ?"

"ಮೊದಲ್ನೇ ದಿನದಿಂದ. ಅಂಕಿ ಓದೂದು ನನಗೇನ್ ಬೇಕು?"

ಯಲಗೂರಪ್ಪ ಹಿಟ್ಟಿನ ಚೀಲದ ಮೇಲೆ ಕೂತ. 1974ರಲ್ಲಿ ಅವನು ಪುಸ್ತಕದಂತೆ ಸರಿಯಾಗಿಯೇ ಬರೆದಿದ್ದ. ಪರಸಪ್ಪ ಬೋರಲು ಹಾಕಿದ್ದರಿಂದ ಬಿಲ್ಲೆ ಉಲ್ಟಾ ಬಂದಿತ್ತು. ಆಮೇಲೆ ಅವನು ತಪ್ಪಾಗಿ ಬರೆದ, ಪರಸಪ್ಪ ತಪ್ಪಾಗಿ ಅಂಟಿಸಿದ, ಇಪ್ಪತ್ತೈದು ವರ್ಷ ಎರಡೂ ಕೂಡಿ ಸರಿಯಾದವು. ಈ ಸಲ ಪರಸಪ್ಪ ಸರಿಯಾಗಿ ಅಂಟಿಸಿದ್ದ.

"ನಾಳೆ ಜಲನಗರಕ್ಕ ಹೋಗಿ ಮೈನಸ್ ತಗಸ್ಕೊಂಡ ಬರ್ತೀನಿ," ಎಂದ. "ಹೊಸಾ ಹಾಳಿ, ಹೊಸಾ ತಗಡ. ಎಂಟ ದಿನ."

"ಎಂಟ ದಿನ ಇಕಿ ಬಡೀಬೇಕೇನ?" ಪರಸಪ್ಪ ಬೋಲ್ಟು ಬಿಚ್ಚುವ ಪಾನಾ ತೆಗೆದ. ಬಿಲ್ಲೆ ಚಪ್ಪಟೆ ತಗಡು, ನಾಲ್ಕು ಬೋಲ್ಟಿನಿಂದ ಶಾಫ್ಟಿನ ತುದಿಗೆ ಕೂತಿತ್ತು. "ಇಷ್ಟ ವರ್ಷ ಹಾಳಿ ಬೋರಲ ಹಾಕೀನಿ. ಇವತ್ತ ತಗಡ ಬೋರಲ ಹಾಕ್ತೀನಿ. ಏಳು, ದೀಪ ಹಿಡಿ."

ಕಾಲು ಗಂಟೆಯ ಕೆಲಸ. ಯಂತ್ರ ಮತ್ತೆ ಶುರುವಾಯಿತು. ತಟ್ಟೆ ಮೆಲ್ಲಗೆ ಎದ್ದಿತು, ಮೇಲೆ ಮುಟ್ಟುವ ಹೊತ್ತಿಗೆ ಇನ್ನೂ ಮೆತ್ತಗಾಯಿತು, ನಿಂತಿತು, ಚಟಕ್ಕನೆ ಬಿಟ್ಟಿತು. ದಂಡದ ಒರಲಾಟ ಇಲ್ಲ. ರೊಟ್ಟಿ ಗುಂಡಗೆ, ಅಂಚು ಇಡಿಯಾಗಿ, ಕೆಳತಟ್ಟೆಯ ಮೇಲೆ ಬಿದ್ದಿತ್ತು. ರುದ್ರವ್ವ ಎದ್ದು ಬಂದಳು. ರೊಟ್ಟಿ ಬೆಳಕಿಗೆ ಹಿಡಿದು ನೋಡಿ ಕಾದ ಹಂಚಿಗೆ ಹಾಕಿದಳು.

"ಒಂದ."

ಎರಡು, ಮೂರು, ನಾಲ್ಕು. ಐದರ ಹೊತ್ತಿಗೆ ಗಿರಾಕಿಗಳಿಬ್ಬರು ಬಂದು ನಿಂತರು. ಏಳಕ್ಕೆ ಬಸ್ಸಿನ ಕಂಡಕ್ಟರು. ಒಂಬತ್ತರಲ್ಲಿ ಯಲಗೂರಪ್ಪ ಬೇರೆ ಕಡೆ ನೋಡುತ್ತಿದ್ದ.

ಹತ್ತನೆಯದು ಅಂಚಿನಲ್ಲಿ ಎರಡು ಬೆರಳಷ್ಟು ಸೀಳಿತ್ತು.

ರುದ್ರವ್ವ ಸೀಳಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ಪರಾತದಲ್ಲಿ ಉಳಿದ ಹಿಟ್ಟನ್ನು ಮುಟ್ಟಿದಳು.

"ಏ ಮಲಕವ್ವ, ಹಿಟ್ಟ ಆರಿ ಕಟಗಿ ಆಗೇತಿ. ಹಸಿ ಅರಬಿ ಹೊದಿಸೂದ ನಾನ ಹೇಳಬೇಕೇನ್ ಬೇ? ಇದಕ್ಕ ಯಂತ್ರ ಏನ್ ಮಾಡ್ತೈತಿ?"

"ಮತ್ತ ಹತ್ತ ಅಂದಿದ್ರಿ..." ಎಂದಳು ಮಲಕವ್ವ.

"ಹಿಟ್ಟ ನಾದಾಕಿ ನೀನು, ಒಡದದ್ದು ನಿಂದು. ಬಿಸಿನೀರ ತಗೊಂಬಾ."

ಮಲಕವ್ವ ಬಿಸಿನೀರು ತಂದು ಹಿಟ್ಟು ಮತ್ತೆ ನಾದಿದಳು. ರುದ್ರವ್ವ ಬಡಿಯುವ ಕಲ್ಲನ್ನು ಕಾಲಿನಿಂದ ಗೋಡೆಗೆ ಸರಿಸಿ, ಯಂತ್ರದ ಮುಂದೆ ಮಣೆ ಹಾಕಿಕೊಂಡು ಕೂತಳು. ಬಲಗೈ ಮಡಿಲಲ್ಲಿಟ್ಟು, ಎಡಗೈಯಿಂದ ಉಂಡಿ ಇಟ್ಟಳು. ಸಂಜೆಯ ಊಟಕ್ಕೆ ಇನ್ನೂ ನೂರಾ ನಲವತ್ತು ರೊಟ್ಟಿ ಆಗಬೇಕಿತ್ತು.